ಫೌಂಡರ್ ಕಂಪನಿ ಬಿಟ್ಟಾಗ ಷೇರಿನ ರೇಟು ಯಾಕೆ ಒಬ್ಬೊಬ್ಬರ ಲೆಕ್ಕದಲ್ಲಿ ಒಂದೊಂದು?

2020ರ ಕೊನೆ ತಿಂಗಳುಗಳಲ್ಲಿ ಟಾಟಾ ಗ್ರೂಪಿನ ತಾಯಿ ಕಂಪನಿ ಟಾಟಾ ಸನ್ಸ್ ಕೇಸನ್ನ ಫಾಲೋ ಮಾಡಿದ ತುಂಬಾ ಜನಕ್ಕೆ ಒಂದು ವಿಷಯ ತಲೆಗೇ ಹೋಗಿರಲಿಲ್ಲ. ಶಾಪೂರ್ಜಿ ಪಲ್ಲೊಂಜಿ ಗ್ರೂಪ್‌ನವರು ತಮ್ಮ 18.37 ಪರ್ಸೆಂಟ್ ಪಾಲಿನ ಬೆಲೆ ಸುಮಾರು 1.75 ಲಕ್ಷ ಕೋಟಿ ಅಂದ್ರು, ಟಾಟಾ ಕಡೆಯವರು ಸುಪ್ರೀಂ ಕೋರ್ಟಲ್ಲಿ ಅದೇ ಪಾಲಿಗೆ 70ರಿಂದ 80 ಸಾವಿರ ಕೋಟಿ ಅಂದ್ರು. ಒಂದೇ ಕಂಪನಿ, ಅದೇ ಷೇರು, ನಡುವೆ ಹತ್ತಿರ ಹತ್ತಿರ ಒಂದು ಲಕ್ಷ ಕೋಟಿ ವ್ಯತ್ಯಾಸ. ಟಾಟಾ ಸನ್ಸ್ ಆಸ್ತಿಯಲ್ಲಿ ದೊಡ್ಡ ಭಾಗ ಟಿಸಿಎಸ್ ಥರದ ಲಿಸ್ಟ್ ಆದ ಕಂಪನಿಗಳ ಷೇರು, ಅವುಗಳ ರೇಟು ದಿನಾ ಎಲ್ಲರ ಮೊಬೈಲಲ್ಲೂ ಕಾಣುತ್ತೆ, ಆದ್ರೂ ಹೀಗೆ.

ಅಲ್ಲಿ ಹೊರಗೆ ಹೋಗೋಕೆ ಹೊರಟಿದ್ದು ಸ್ಥಾಪಕರಲ್ಲ, ದೊಡ್ಡ ಪಾಲು ಇಟ್ಕೊಂಡಿರೋ ಇನ್ನೊಂದು ಮನೆತನ. ಆದ್ರೆ ಮೂರು ಜನ ಸ್ನೇಹಿತರು ಸೇರಿ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಒಬ್ಬ ಹೊರಗೆ ಬರುವಾಗ ಆಗೋದೂ ಇದೇ ಜಗಳ, ಸೊನ್ನೆಗಳು ಮಾತ್ರ ಕಡಿಮೆ. ಲೆಕ್ಕ ತಪ್ಪಿದ್ದಕ್ಕೆ ಈ ಜಗಳ ಹುಟ್ಟೋದು ಕಮ್ಮಿ. ಎರಡೂ ಕಡೆ ಚಾರ್ಟರ್ಡ್ ಅಕೌಂಟೆಂಟ್‌ಗಳು ಇರ್ತಾರೆ, ಇಬ್ಬರ ಎಕ್ಸೆಲ್ ಶೀಟೂ ಕೂಡಿ ಕಳೆದ್ರೆ ಸರಿಯಾಗೇ ಇರುತ್ತೆ. ಅವರು ಬೆಲೆ ಕಟ್ತಿರೋ ವಸ್ತುನೇ ಬೇರೆ ಬೇರೆ. ಒಬ್ಬರು ಇಡೀ ಕಂಪನಿಯ ಒಂದು ಭಾಗಕ್ಕೆ ಬೆಲೆ ಹೇಳ್ತಿದ್ದಾರೆ, ಇನ್ನೊಬ್ಬರು ಯಾವ ಅಧಿಕಾರಾನೂ ಇಲ್ಲದ, ಹೊರಗೆ ಯಾರಿಗೂ ಮಾರೋಕಾಗದ ಒಂದಷ್ಟು ಷೇರಿಗೆ ಹೇಳ್ತಿದ್ದಾರೆ.

ಮಾರ್ಕೆಟ್ಟೇ ಇಲ್ಲದ ಷೇರು

ಪ್ರೈವೇಟ್ ಕಂಪನಿಯ ಷೇರನ್ನ ಇಷ್ಟ ಬಂದವರಿಗೆ ಮಾರೋ ಹಾಗಿಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ಷೇರು ವರ್ಗಾವಣೆಗೆ ನಿರ್ಬಂಧ ಇರಲೇಬೇಕು, ಅದು ಪ್ರೈವೇಟ್ ಕಂಪನಿಯ ಲಕ್ಷಣವೇ. ಆ ನಿರ್ಬಂಧ ಏನು ಅಂತ ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲಿ ಬರೆದಿರುತ್ತೆ, ಸಾಮಾನ್ಯವಾಗಿ ಮಾರೋನು ಮೊದಲು ಉಳಿದ ಷೇರುದಾರರಿಗೇ ಕೊಡ್ಬೇಕು, ಅವರು ಬೇಡ ಅಂದ್ರೆ ಮಾತ್ರ ಹೊರಗಿನವರಿಗೆ, ಅದೂ ಬೋರ್ಡ್ ಒಪ್ಪಿದ್ರೆ. ಹಂಗಾಗಿ ಹೊರಗೆ ಹೋಗೋ ಫೌಂಡರ್‌ಗೆ ಗಿರಾಕಿ ಅಂದ್ರೆ ಯಾರ ಜೊತೆ ಮನಸ್ತಾಪ ಆಗಿದ್ಯೋ ಅವರೇ. ಕೊಳ್ಳೋರು ಅವರೇ, ಕಂಪನಿ ಅಕೌಂಟ್ಸ್ ಕೈಲಿಟ್ಟುಕೊಂಡಿರೋರು ಅವರೇ, ಬೋರ್ಡಲ್ಲಿ ಬಹುಮತ ಇರೋದೂ ಅವರಿಗೇ.

ಆರ್ಟಿಕಲ್ಸ್‌ನಲ್ಲಿ "ಫೇರ್ ವ್ಯಾಲ್ಯೂಗೆ ಕೊಡತಕ್ಕದ್ದು" ಅಂತ ಒಂದು ಸಾಲು ಇರುತ್ತೆ, ಬಹಳ ಕಡೆ ಅದಷ್ಟೇ. ಆ ಫೇರ್ ವ್ಯಾಲ್ಯೂ ಯಾರು ಕಟ್ತಾರೆ, ಯಾವ ತಾರೀಖಿಗೆ, ಸಣ್ಣ ಪಾಲು ಅಂತ ಬೆಲೆ ಇಳಿಸಬೇಕೋ ಬೇಡ್ವೋ, ದುಡ್ಡು ಎಷ್ಟು ದಿನದಲ್ಲಿ ಕೊಡ್ಬೇಕು, ಇದ್ಯಾವುದೂ ಇರಲ್ಲ, ಯಾಕಂದ್ರೆ ಕಂಪನಿ ರಿಜಿಸ್ಟರ್ ಮಾಡುವಾಗ ಎಲ್ಲರೂ ಸ್ನೇಹಿತರು, ಆಡಿಟರ್ ಕೊಟ್ಟ ರೆಡಿಮೇಡ್ ಡ್ರಾಫ್ಟಿಗೆ ಸೈನ್ ಹಾಕಿರ್ತಾರೆ. ಇನ್ನು ಕೆಲವರು ಪಕ್ಕದಲ್ಲಿ ಒಂದು ಷೇರ್‌ಹೋಲ್ಡರ್ಸ್ ಅಗ್ರಿಮೆಂಟ್ ಮಾಡ್ಕೊಂಡು ಅದರಲ್ಲಿ ಎಲ್ಲಾ ಬರೆದಿರ್ತಾರೆ, ಆದ್ರೆ ಆರ್ಟಿಕಲ್ಸ್‌ಗೆ ಸೇರಿಸಿರಲ್ಲ. 1991ರ ರಂಗರಾಜ್ ವಿರುದ್ಧ ಗೋಪಾಲಕೃಷ್ಣನ್ ಕೇಸಲ್ಲಿ ಸುಪ್ರೀಂ ಕೋರ್ಟ್, ಆರ್ಟಿಕಲ್ಸ್‌ನಲ್ಲಿ ಇಲ್ಲದ ವರ್ಗಾವಣೆ ನಿರ್ಬಂಧಕ್ಕೆ ಕಂಪನಿ ಬದ್ಧ ಅಲ್ಲ ಅಂತ ಹೇಳಿತ್ತು. ಆಮೇಲಿನ ತೀರ್ಪುಗಳಲ್ಲಿ ಇದರ ಬಗ್ಗೆ ಚರ್ಚೆ ಬೆಳೆದಿದೆ, ಆದ್ರೂ ಅಗ್ರಿಮೆಂಟಲ್ಲಿ ಇರೋದು ಆರ್ಟಿಕಲ್ಸ್‌ನಲ್ಲಿ ಇಲ್ಲ ಅಂದ್ರೆ ವಾದಕ್ಕೆ ಜಾಗ ಸಿಕ್ಕೇ ಸಿಗುತ್ತೆ.

ಒಂದು ಉದಾಹರಣೆ: 1.5 ಕೋಟಿಯೋ 9 ಕೋಟಿಯೋ

ಪೀಣ್ಯದಂಥ ಜಾಗದಲ್ಲಿ ಮೆಷಿನ್ ಪಾರ್ಟ್ಸ್ ಮಾಡೋ ಒಂದು ಕಂಪನಿ ಅಂತ ಇಟ್ಕೊಳ್ಳೋಣ, ಅಂಕಿಗಳೆಲ್ಲ ಲೆಕ್ಕ ಅರ್ಥ ಆಗ್ಲಿ ಅಂತ ಹಾಕಿರೋದು. ಮೂರು ಜನ ಸೇರಿ ಶುರು ಮಾಡಿದ್ದು. ಹೊರಗೆ ಹೋಗ್ತಿರೋ ಫೌಂಡರ್ ಹತ್ರ 30 ಪರ್ಸೆಂಟ್, ಉಳಿದ ಇಬ್ಬರ ಹತ್ರ 40 ಮತ್ತು 30. ವರ್ಷಕ್ಕೆ 24 ಕೋಟಿ ವ್ಯಾಪಾರ. ಬಡ್ಡಿ, ಟ್ಯಾಕ್ಸ್, ಡಿಪ್ರಿಸಿಯೇಷನ್ ಕಳೆಯೋಕೆ ಮುಂಚೆ 3 ಕೋಟಿ ಲಾಭ, ಇದನ್ನೇ ಎಬಿಟ್ಡಾ ಅಂತಾರೆ. ಬ್ಯಾಂಕ್ ಸಾಲದಲ್ಲಿ ಕೈಲಿರೋ ಕ್ಯಾಶ್ ಕಳೆದ್ರೆ 4 ಕೋಟಿ ಬಾಕಿ. ಬ್ಯಾಲೆನ್ಸ್ ಶೀಟಿನ ನೆಟ್‌ವರ್ತ್ 5 ಕೋಟಿ, ಆದ್ರೆ ಅದರಲ್ಲಿ ಫ್ಯಾಕ್ಟರಿ ಜಾಗ ಕೊಂಡಾಗಿನ ಬೆಲೆಯಲ್ಲಿ, ಅಂದ್ರೆ 1 ಕೋಟಿಗೆ ಕೂತಿದೆ, ಇವತ್ತು ಆ ಜಾಗಕ್ಕೆ 10 ಕೋಟಿ ಬರುತ್ತೆ.

ಉಳಿದ ಇಬ್ಬರ ಮೊದಲ ಮಾತು ಹೀಗಿರುತ್ತೆ: ನೆಟ್‌ವರ್ತ್ 5 ಕೋಟಿ, ಆಡಿಟ್ ಆಗಿರೋ ನಂಬರ್, ನಿಂದು 30 ಪರ್ಸೆಂಟ್, ತಗೋ 1.5 ಕೋಟಿ.

ಫೌಂಡರ್ ಲೆಕ್ಕ ಬೇರೆ. ನಮ್ಮ ಲೈನಲ್ಲಿ ಲಿಸ್ಟ್ ಆಗಿರೋ ಕಂಪನಿಗಳು ಎಬಿಟ್ಡಾದ ಎಂಟು ಪಟ್ಟಿಗೆ ಹೋಗ್ತಿವೆ, 3 ಕೋಟಿ ಇಂಟು 8 ಅಂದ್ರೆ 24 ಕೋಟಿ, ಅದಕ್ಕೆ ಜಾಗದ 10 ಕೋಟಿ ಸೇರಿಸಿ ಸಾಲದ 4 ಕೋಟಿ ಕಳೀರಿ, 30 ಕೋಟಿ, ನನ್ನ ಪಾಲು 9 ಕೋಟಿ.

ಆರು ಪಟ್ಟು ವ್ಯತ್ಯಾಸ. ಎರಡೂ ಲೆಕ್ಕದಲ್ಲಿ ಒಂದೊಂದು ದೊಡ್ಡ ತೊಂದರೆ ಇದೆ.

1.5 ಕೋಟಿಯದ್ದು ಸುಲಭವಾಗಿ ಗೊತ್ತಾಗುತ್ತೆ. ಬ್ಯಾಲೆನ್ಸ್ ಶೀಟ್ ಹೇಳೋದು ಯಾವತ್ತೋ ಎಷ್ಟಕ್ಕೆ ಕೊಂಡ್ರು ಅನ್ನೋದನ್ನ, ಇವತ್ತು ಅದರ ಬೆಲೆ ಎಷ್ಟು ಅನ್ನೋದನ್ನ ಅಲ್ಲ. ಜಾಗದ ಬೆಲೆ 9 ಕೋಟಿ ಜಾಸ್ತಿ ಆಗಿರೋದು ಅಲ್ಲಿ ಕಾಣಲ್ಲ, ವರ್ಷಗಟ್ಟಲೆ ಹಿಡಿದಿಟ್ಟುಕೊಂಡ ಗಿರಾಕಿಗಳು, ಕೆಲಸ ಕಲಿತ ಜನ, ಅದೂ ಕಾಣಲ್ಲ.

9 ಕೋಟಿಯ ತಪ್ಪು ಮೇಲ್ನೋಟಕ್ಕೆ ಕಾಣಲ್ಲ, ಆದ್ರೆ ತುಂಬಾ ಕಡೆ ಆಗುತ್ತೆ. ಆ 3 ಕೋಟಿ ಲಾಭ ಬಂದಿರೋದೇ ಕಂಪನಿ ಬಾಡಿಗೆ ಕಟ್ಟದೆ ಸ್ವಂತ ಜಾಗದಲ್ಲಿ ಕೂತಿರೋದ್ರಿಂದ. ಲಾಭವನ್ನ ಎಂಟರಿಂದ ಗುಣಿಸಿದಾಗ ಜಾಗದ ಉಪಯೋಗಕ್ಕೂ ಬೆಲೆ ಸಿಕ್ಕಾಯ್ತು, ಆಮೇಲೆ ಜಾಗವನ್ನ ಮತ್ತೆ ಬೇರೆಯಾಗಿ ಸೇರಿಸಿದ್ರೆ ಒಂದೇ ಆಸ್ತಿಗೆ ಎರಡು ಸಲ ದುಡ್ಡು ಕೇಳಿದ ಹಾಗೆ. ಮನೆಯನ್ನೂ ಮಾರಿ ಅದೇ ಮನೆಯ ಬಾಡಿಗೆ ನನಗೇ ಬರ್ಬೇಕು ಅಂದ ಹಾಗೆ. ಇನ್ನೊಂದು, ಸಾವಿರಾರು ಕೋಟಿ ವ್ಯಾಪಾರದ ಲಿಸ್ಟೆಡ್ ಕಂಪನಿಗೆ ಸಿಗೋ ಎಂಟು ಪಟ್ಟು 24 ಕೋಟಿ ವ್ಯಾಪಾರದ ಕಂಪನಿಗೆ ಸಿಗಲ್ಲ. ಇಲ್ಲಿ ನಾಲ್ಕೈದು ಗಿರಾಕಿಗಳ ಮೇಲೇ ಎಲ್ಲಾ ನಿಂತಿರುತ್ತೆ, ಒಬ್ಬ ಹೋದ್ರೂ ಏಟು ಜೋರು.

ಲಾಭದ ಅಂಕಿಯನ್ನ ಮೊದಲು ಕ್ಲೀನ್ ಮಾಡ್ಬೇಕು

ಸರಿಯಾದ ವ್ಯಾಲ್ಯೂಯರ್ ಮೊದಲು ಕೈ ಹಾಕೋದು ಆ 3 ಕೋಟಿಗೆ. ನಮ್ಮ ಸಣ್ಣ ಕಂಪನಿಗಳಲ್ಲಿ ಡೈರೆಕ್ಟರ್‌ಗಳು ಸಂಬಳ ತೀರ ಕಡಿಮೆ ತಗೊಳ್ತಾರೆ, ಇಲ್ಲ ತೀರ ಜಾಸ್ತಿ, ಮಾರ್ಕೆಟ್ ರೇಟಿಗೂ ಅದಕ್ಕೂ ಸಂಬಂಧ ಇರಲ್ಲ. ನಮ್ಮ ಉದಾಹರಣೇಲಿ ಮೂರು ಜನಾನೂ ವರ್ಷಕ್ಕೆ 12 ಲಕ್ಷ ತಗೊಳ್ತಿದ್ದಾರೆ, ಅದೇ ಕೆಲಸಕ್ಕೆ ಹೊರಗಿಂದ ಮ್ಯಾನೇಜರ್ ಇಟ್ರೆ ಒಬ್ಬೊಬ್ಬರಿಗೆ 32 ಲಕ್ಷ ಕೊಡ್ಬೇಕು ಅಂದ್ಕೊಳ್ಳಿ. ಹಾಗಾದ್ರೆ 60 ಲಕ್ಷ ಲಾಭ ಅಂತ ಕಾಣ್ತಿರೋದು ಅವರದ್ದೇ ದುಡಿಮೆ, ಅದನ್ನ ಕಳೀಬೇಕು. ಆ ವರ್ಷ ಒಂದು ಆರ್ಡರ್ ಅಚಾನಕ್ಕಾಗಿ ಬಂದು 20 ಲಕ್ಷ ಲಾಭ ಕೊಟ್ಟಿದೆ, ಮತ್ತೆ ಬರೋ ಥರದ್ದಲ್ಲ, ಅದನ್ನೂ ಕಳೀಬೇಕು. ಉಳೀತು 2.2 ಕೋಟಿ.

ಈಗ ಪಟ್ಟು ಎಷ್ಟು ಅಂತ. ಈ ಗಾತ್ರಕ್ಕೆ ಐದು ಅಂತ ಇಬ್ಬರೂ ಒಪ್ಪಿದ್ರು ಅಂತಾನೇ ಇಟ್ಕೊಳ್ಳೋಣ. ಜಾಗವನ್ನ ಬೇರೆ ಮಾಡದೆ ನೋಡಿದ್ರೆ 2.2 ಇಂಟು 5, 11 ಕೋಟಿ, ಸಾಲ ಕಳೆದ್ರೆ 7 ಕೋಟಿ, 30 ಪರ್ಸೆಂಟಿಗೆ 2.1 ಕೋಟಿ. ಜಾಗವನ್ನ ಬೇರೆ ಮಾಡಿ ನೋಡೋದಾದ್ರೆ ಆ ಜಾಗಕ್ಕೆ ಬಾಡಿಗೆ ಕಟ್ಟಿದ್ರೆ ಎಷ್ಟಾಗ್ತಿತ್ತು ಅನ್ನೋದನ್ನ ಮೊದಲು ಲಾಭದಿಂದ ಕಳೀಬೇಕು. ವರ್ಷಕ್ಕೆ 40 ಲಕ್ಷ ಅಂದ್ರೆ ಉಳಿಯೋದು 1.8 ಕೋಟಿ, ಐದು ಪಟ್ಟು 9 ಕೋಟಿ, ಜಾಗ 10 ಕೋಟಿ, ಒಟ್ಟು 19, ಸಾಲ ಕಳೆದ್ರೆ 15 ಕೋಟಿ, 30 ಪರ್ಸೆಂಟಿಗೆ 4.5 ಕೋಟಿ.

ಲಾಭ ಕ್ಲೀನ್ ಮಾಡಿದ್ಮೇಲೂ 2.1 ಕೋಟಿಗೂ 4.5 ಕೋಟಿಗೂ ಇಷ್ಟು ದೂರ ಉಳೀತಲ್ಲ, ಇದಕ್ಕೆ ಕಾರಣ ಈ ಫ್ಯಾಕ್ಟರಿ ತಾನು ಕೂತಿರೋ ಜಾಗದ ಬೆಲೆಗೆ ತಕ್ಕಷ್ಟು ದುಡೀತಿಲ್ಲ. ಬೆಂಗಳೂರು ಸುತ್ತಮುತ್ತ ಹಳೆಯ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಜಾಗದ ಬೆಲೆ ವ್ಯಾಪಾರದ ಲಾಭಕ್ಕಿಂತ ಎಷ್ಟೋ ಜೋರಾಗಿ ಏರಿರೋದ್ರಿಂದ ಇಂಥ ಕಂಪನಿಗಳಲ್ಲಿ ಜಗಳ ಕೊನೆಗೆ ಬಂದು ನಿಲ್ಲೋದು ಇಲ್ಲೇ. ಉಳಿದವರು ಹೇಳ್ತಾರೆ, ನಾವು ಜಾಗ ಮಾರ್ತಿಲ್ಲ, ಫ್ಯಾಕ್ಟರಿ ನಡೆಸ್ತೀವಿ, ಮಾರದೆ ಇರೋ ಜಾಗದ ದುಡ್ಡು ನಿನಗೆ ಎಲ್ಲಿಂದ ತಂದು ಕೊಡೋಣ? ಅವರ ಪರವಾಗಿ ಸುಪ್ರೀಂ ಕೋರ್ಟಿನ ಹಳೇ ಮಾತೂ ಇದೆ. ಮಹಾದೇವ್ ಜಲಾನ್ ಅನ್ನೋ ಸಂಪತ್ತು ತೆರಿಗೆ ಕೇಸಲ್ಲಿ ಕೋರ್ಟ್, ನಡೀತಿರೋ ಕಂಪನಿಯ ಷೇರಿಗೆ ಲಾಭದ ಆಧಾರದ ಮೇಲೆ ಬೆಲೆ ಕಟ್ಟೋದೇ ಸಾಮಾನ್ಯ ದಾರಿ, ಆಸ್ತಿ ಒಡೆದು ಲೆಕ್ಕ ಹಾಕೋದು ಮುಚ್ಚೋ ಸ್ಥಿತಿಯಲ್ಲಿರೋ ಕಂಪನಿ ಥರದ ವಿಶೇಷ ಸಂದರ್ಭಕ್ಕೆ ಅಂದಿತ್ತು. ಫೌಂಡರ್ ಹೇಳೋದು, ನಾಳೆ ನಾನು ಹೋದ ಎರಡು ವರ್ಷಕ್ಕೆ ನೀವಿಬ್ಬರು ಫ್ಯಾಕ್ಟರಿಯನ್ನ ಊರಾಚೆ ಶಿಫ್ಟ್ ಮಾಡಿ ಈ ಜಾಗ ಮಾರಿದ್ರೆ ಪೂರ್ತಿ 10 ಕೋಟಿ ನಿಮ್ಮದೇ ಆಗುತ್ತಲ್ಲ ಅಂತ.

ಫೌಂಡರ್ ಮಾತಿಗೆ ತೂಕ ಜಾಸ್ತಿ ಅಂತ ನನಗನ್ಸುತ್ತೆ, ಯಾಕಂದ್ರೆ ಜಾಗ ಮಾರೋ ಆಯ್ಕೆ ಕಂಪನಿಯ ಕೈಲಿದೆ, ಆ ಆಯ್ಕೆಗೂ ಬೆಲೆ ಇದೆ, ಆ ಕಂಪನಿ ಕಟ್ಟೋಕೆ ಅವನೂ ದುಡಿದಿದ್ದಾನೆ. ಆದ್ರೆ ಮಾರಿದ್ರೆ ಕಂಪನಿ ಕಟ್ಟಬೇಕಾದ ಟ್ಯಾಕ್ಸು, ಶಿಫ್ಟ್ ಮಾಡೋ ಖರ್ಚು, ಇವನ್ನ ಸ್ವಲ್ಪವಾದ್ರೂ ಕಳೀಬೇಕು ಅನ್ನೋ ಉಳಿದವರ ಮಾತನ್ನೂ ಒಪ್ಪಬೇಕಾಗುತ್ತೆ. ಇನ್ನೊಂದು ದಾರೀನೂ ಇದೆ, ಬೆಲೆಯನ್ನ ಈಗ ಕಡಿಮೆಗೆ ಮುಗಿಸಿ, ಮುಂದಿನ ಇಷ್ಟು ವರ್ಷದೊಳಗೆ ಜಾಗ ಮಾರಿದ್ರೆ ಹೆಚ್ಚುವರಿಯಲ್ಲಿ ಫೌಂಡರ್‌ಗೆ 30 ಪರ್ಸೆಂಟ್ ಅಂತ ಒಪ್ಪಂದದಲ್ಲಿ ಬರ್ಕೊಳ್ಳೋದು. ಎರಡೂ ಕಡೆಯ ಭಯಕ್ಕೂ ಅದು ಉತ್ತರ ಕೊಡುತ್ತೆ.

ಸಣ್ಣ ಪಾಲು ಅನ್ನೋ ಕಾರಣಕ್ಕೆ ಬೆಲೆ ಇಳಿಸೋದು

ಇಡೀ ಕಂಪನಿ ಬೆಲೆ 15 ಕೋಟಿ ಅಂತ ಒಪ್ಪಿದ್ಮೇಲೆ ಎರಡನೇ ಜಗಳ ಶುರು. ಉಳಿದವರ ವ್ಯಾಲ್ಯೂಯರ್ ಎರಡು ಕಡಿತ ಮಾಡ್ತಾನೆ. 30 ಪರ್ಸೆಂಟ್ ಇಟ್ಕೊಂಡವನು ಡಿವಿಡೆಂಡ್ ಕೊಡಿ ಅಂತ ತೀರ್ಮಾನ ಮಾಡಿಸೋಕಾಗಲ್ಲ, ಡೈರೆಕ್ಟರ್ ನೇಮಿಸೋಕಾಗಲ್ಲ, ಅದಕ್ಕೆ ಮೈನಾರಿಟಿ ಡಿಸ್ಕೌಂಟ್, ಉದಾಹರಣೆಗೆ 25 ಪರ್ಸೆಂಟ್. ಷೇರಿಗೆ ಮಾರ್ಕೆಟ್ ಇಲ್ಲ, ಬೇಕಂದಾಗ ಮಾರೋಕಾಗಲ್ಲ, ಅದಕ್ಕೆ ಇನ್ನೊಂದು 20 ಪರ್ಸೆಂಟ್. ಇವೆರಡನ್ನ ಕೂಡಿಸಬಾರದು, ಒಂದರ ಮೇಲೆ ಒಂದು ಹಾಕ್ಬೇಕು: 4.5 ಕೋಟಿಯ ಮುಕ್ಕಾಲು ಭಾಗ 3.375, ಅದರ 80 ಪರ್ಸೆಂಟ್ 2.7 ಕೋಟಿ. ಕಂಪನಿಯಲ್ಲಿ ಏನೂ ಬದಲಾಗಿಲ್ಲ, ಪಾಲಿನ ಬೆಲೆ 1.8 ಕೋಟಿ ಇಳಿದುಹೋಯ್ತು.

ಇಲ್ಲಿ ಕೇಳಬೇಕಾಗಿರೋದು ಕೊಳ್ಳೋನು ಯಾರು ಅಂತ. ಆ 30 ಪರ್ಸೆಂಟನ್ನ ಹೊರಗಿನ ಅಪರಿಚಿತ ಕೊಂಡಿದ್ರೆ ಅವನಿಗೆ ನಿಜವಾಗ್ಲೂ ಸಿಗೋದು ಅಧಿಕಾರ ಇಲ್ಲದ ಷೇರು, ಅವನು ಕಡಿಮೆ ಕೊಡೋದು ಸರಿ. ಆದ್ರೆ ಇಲ್ಲಿ ಕೊಳ್ತಿರೋರು 70 ಪರ್ಸೆಂಟ್ ಇರೋರು, ಈ 30 ಸೇರಿದ್ರೆ ಅವರದ್ದು 100 ಆಗುತ್ತೆ, ಅವರ ಕೈಗೆ ಬಂದ ಮೇಲೆ ಆ ಷೇರಿಗೆ ಯಾವ ಕೊರತೆಯೂ ಇರಲ್ಲ. ಇಂಗ್ಲೆಂಡಿನ ಕೋರ್ಟುಗಳು 1980ರ ದಶಕದಲ್ಲೇ, ಬರ್ಡ್ ಪ್ರಿಸಿಷನ್ ಬೆಲ್ಲೋಸ್ ಅನ್ನೋ ಕೇಸಲ್ಲಿ, ಒಂದು ವ್ಯತ್ಯಾಸ ಗುರುತಿಸಿದ್ವು: ಕಂಪನಿ ಹೆಸರಿಗೆ ಮಾತ್ರ ಕಂಪನಿ, ಒಳಗೆ ಪಾಲುದಾರಿಕೆ ಥರ ನಡೀತಿದ್ರೆ, ಅಂದ್ರೆ ಎಲ್ಲರೂ ನಂಬಿಕೆ ಮೇಲೆ ಸೇರಿ ಎಲ್ಲರೂ ಆಡಳಿತದಲ್ಲಿ ಇರ್ತೀವಿ ಅನ್ನೋ ತಿಳುವಳಿಕೆಯಲ್ಲಿ ಶುರು ಮಾಡಿದ್ದು ಆಗಿದ್ರೆ, ತನ್ನ ತಪ್ಪಿಲ್ಲದೆ ಹೊರಗೆ ದಬ್ಬಿಸಿಕೊಂಡವನ ಷೇರಿಗೆ ಮೈನಾರಿಟಿ ಡಿಸ್ಕೌಂಟ್ ಹಾಕೋದು ನ್ಯಾಯ ಅಲ್ಲ. ಬರೀ ದುಡ್ಡು ಹೂಡಿ ಸಣ್ಣ ಪಾಲು ಕೊಂಡವನಾದ್ರೆ ಡಿಸ್ಕೌಂಟ್ ಹಾಕಬಹುದು, ಅವನು ಕೊಳ್ಳುವಾಗ್ಲೂ ಆ ಡಿಸ್ಕೌಂಟಲ್ಲೇ ಕೊಂಡಿರ್ತಾನೆ. ನಮ್ಮಲ್ಲೂ ವಕೀಲರು ಈ ವಾದವನ್ನೇ ಇಡ್ತಾರೆ, ಆದ್ರೆ ನಮ್ಮ ಕಾಯ್ದೆಯಲ್ಲಿ ಇಷ್ಟು ಪರ್ಸೆಂಟ್ ಕಡೀರಿ ಅಥವಾ ಕಡೀಬೇಡಿ ಅಂತ ಎಲ್ಲೂ ಬರೆದಿಲ್ಲ, ಆಯಾ ಕಂಪನಿ ಹೇಗೆ ನಡೀತಿತ್ತು ಅನ್ನೋದರ ಮೇಲೆ ಹೋಗುತ್ತೆ.

ಅದಕ್ಕೇ ಇಂಥ ಕೇಸುಗಳಲ್ಲಿ ಹಳೇ ಇಮೇಲ್, ವಾಟ್ಸ್ಯಾಪ್ ಮೆಸೇಜು, ಬೋರ್ಡ್ ಮೀಟಿಂಗ್ ಮಿನಿಟ್ಸ್ ಇವೆಲ್ಲ ವ್ಯಾಲ್ಯೂಯೇಷನ್ ರಿಪೋರ್ಟಿನಷ್ಟೇ ಮುಖ್ಯ ಆಗೋದು. ಅವನು ತಾನಾಗೇ ಬಿಟ್ಟನೋ, ಬಿಡಿಸಿದ್ರೋ, ಅನ್ನೋದು ಬೆಲೆಯನ್ನೇ ಬದಲಾಯಿಸುತ್ತೆ.

ಫೌಂಡರ್ ಹೋದ್ರೆ ಕಂಪನಿ ಬೆಲೇನೂ ಇಳಿಯುತ್ತಲ್ವಾ?

ಉಳಿದವರ ವಾದಗಳಲ್ಲಿ ಗಟ್ಟಿಯಾಗಿರೋದು ಇದು. ದೊಡ್ಡ ಗಿರಾಕಿ ಒಬ್ಬ ಇದ್ದಾನೆ, ವ್ಯಾಪಾರದ ಕಾಲು ಭಾಗ ಅವನದ್ದು, ಅವನು ಬಂದಿದ್ದೇ ಈ ಫೌಂಡರ್ ಮುಖ ನೋಡಿ. ಫೌಂಡರ್ ಹೋದ್ರೆ ಅವನೂ ಹೋಗ್ತಾನೆ. ವ್ಯಾಪಾರ ಕಾಲು ಭಾಗ ಇಳಿದ್ರೆ ಲಾಭ ಅದಕ್ಕಿಂತ ಜಾಸ್ತಿ ಇಳಿಯುತ್ತೆ, ಯಾಕಂದ್ರೆ ಸಂಬಳ, ಕರೆಂಟಿನ ಫಿಕ್ಸೆಡ್ ಚಾರ್ಜು, ಇವೆಲ್ಲ ಹಾಗೇ ನಿಂತಿರುತ್ತೆ. ನಮ್ಮ ಉದಾಹರಣೇಲಿ ಬಾಡಿಗೆ ಕಳೆದ 1.8 ಕೋಟಿ 1.1ಕ್ಕೆ ಇಳಿದ್ರೆ, ಐದು ಪಟ್ಟಿನ ಲೆಕ್ಕದಲ್ಲಿ ಕಂಪನಿ ಬೆಲೆ 3.5 ಕೋಟಿ ಇಳೀತು, ಫೌಂಡರ್ ಪಾಲಲ್ಲಿ 1.05 ಕೋಟಿ ಹೋಯ್ತು.

ಆದ್ರೆ ಆ ಗಿರಾಕಿ ನಿಜವಾಗ್ಲೂ ಹೋಗ್ತಾನಾ ಅಂತ ಇವತ್ತು ಯಾರಿಗೂ ಗೊತ್ತಿರಲ್ಲ. ಗೊತ್ತಿಲ್ಲದ್ದನ್ನ ಇವತ್ತೇ ಒಂದು ಅಂಕಿ ಮಾಡೋಕೆ ಹೋದ್ರೆ ಜಗಳ ಮುಗಿಯಲ್ಲ, ಹಂಗಾಗಿ ಅನುಭವಸ್ಥರು ಆ ಒಂದು ಕೋಟಿ ಚಿಲ್ಲರೆಯನ್ನ ಪಕ್ಕಕ್ಕೆ ಇಡ್ತಾರೆ. ಎರಡು ವರ್ಷ ಆ ಗಿರಾಕಿ ಆರ್ಡರ್ ಉಳಿದ್ರೆ ಅದು ಫೌಂಡರ್‌ಗೆ, ಇಲ್ಲಾಂದ್ರೆ ಇಲ್ಲ. ಹಾಗೆ ಮಾಡುವಾಗ ಗಿರಾಕಿ ತಾನಾಗಿ ಹೋದನೋ, ಉಳಿದವರೇ ಮಾಲು ಲೇಟಾಗಿ ಕಳಿಸಿ ಓಡಿಸಿದ್ರೋ ಅನ್ನೋದು ಗೊತ್ತಾಗೋ ಹಾಗೆ ಷರತ್ತು ಬರೀಬೇಕು, ಇಲ್ಲ ಅಂದ್ರೆ ಎರಡು ವರ್ಷ ಆದ್ಮೇಲೆ ಇನ್ನೊಂದು ಕೇಸು.

ಇದರ ಜೊತೆಗೇ ಬರೋ ಇನ್ನೊಂದು ವಿಷಯ, ಫೌಂಡರ್ ಪಕ್ಕದಲ್ಲೇ ಅದೇ ವ್ಯಾಪಾರ ಶುರು ಮಾಡಬಾರದು ಅಂತ ಉಳಿದವರು ಹಾಕೋ ಷರತ್ತು. ನಮ್ಮ ಕಾಂಟ್ರ್ಯಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬನ ಉದ್ಯೋಗ ವ್ಯಾಪಾರ ತಡೆಯೋ ಕರಾರು ನಡೆಯಲ್ಲ, ಅದಕ್ಕಿರೋ ವಿನಾಯಿತಿ ವ್ಯಾಪಾರದ ಗುಡ್‌ವಿಲ್ ಮಾರಿದವನಿಗೆ, ಅದೂ ಮಿತಿಯೊಳಗೆ. ಅಂದ್ಮೇಲೆ ಪುಸ್ತಕದ ಬೆಲೆ 1.5 ಕೋಟಿ ಮಾತ್ರ ಕೊಡ್ತೀವಿ, ಗುಡ್‌ವಿಲ್‌ಗೆ ಒಂದು ರೂಪಾಯೂ ಇಲ್ಲ, ಆದ್ರೆ ನೀನು ಐದು ವರ್ಷ ಈ ಲೈನಿಗೆ ಬರಬೇಡ ಅಂತ ಕೇಳೋದಕ್ಕೆ ಬುಡವೇ ಇಲ್ಲ. ಆ ಷರತ್ತು ಬೇಕು ಅಂದ್ರೆ ಗುಡ್‌ವಿಲ್‌ಗೆ ಬೆಲೆ ಕೊಡಬೇಕು.

ಯಾವ ತಾರೀಖಿನ ಬೆಲೆ?

ಫೌಂಡರ್ ರಾಜೀನಾಮೆ ಕೊಟ್ಟ ದಿನದ್ದೋ, ಕೇಸು ಹಾಕಿದ ದಿನದ್ದೋ, ಆರ್ಡರ್ ಆದ ದಿನದ್ದೋ? ನಾಲ್ಕೈದು ವರ್ಷ ಎಳೆದ ಕೇಸಲ್ಲಿ ಈ ಒಂದು ಪ್ರಶ್ನೆಯೇ ಕೋಟಿಗಟ್ಟಲೆ ವ್ಯತ್ಯಾಸ ತರುತ್ತೆ. ಅವನನ್ನ ಆಚೆ ಇಟ್ಟ ಮೇಲೆ ಉಳಿದವರು ಕಂಪನಿಯಿಂದ ಜಾಸ್ತಿ ಸಂಬಳ ತೆಗೆದು, ವ್ಯಾಪಾರವನ್ನ ತಮ್ಮದೇ ಇನ್ನೊಂದು ಸಂಸ್ಥೆಗೆ ತಿರುಗಿಸಿ ಲಾಭ ಇಳಿಸಿದ್ರೆ ಹಳೇ ತಾರೀಖು ಹಿಡಿಯೋದು ನ್ಯಾಯ. ಅವನು ಹೋದ್ಮೇಲೆ ಅವರೇ ಹಗಲು ರಾತ್ರಿ ದುಡಿದು ಬೆಳೆಸಿದ್ರೆ ಆ ಬೆಳವಣಿಗೆಯಲ್ಲಿ ಅವನಿಗೆ ಪಾಲು ಯಾಕೆ ಅನ್ನೋದೂ ನ್ಯಾಯವಾದ ಪ್ರಶ್ನೆನೇ, ಆದ್ರೆ ಅಷ್ಟು ವರ್ಷ ಅವನ ದುಡ್ಡು ಕಂಪನಿಯೊಳಗೇ ಸಿಕ್ಕಿಬಿದ್ದಿತ್ತು ಅನ್ನೋದನ್ನೂ ಮರೆಯೋ ಹಾಗಿಲ್ಲ. ಕಾಯ್ದೆ ಒಂದು ತಾರೀಖು ಹೇಳಿಲ್ಲ, ಅದು ಕಂಪನಿ ಜಗಳ ವಿಚಾರಿಸೋ ಟ್ರಿಬ್ಯುನಲ್, ಅಂದ್ರೆ ಎನ್‌ಸಿಎಲ್‌ಟಿಯ ವಿವೇಚನೆಗೆ ಬಿಟ್ಟಿದ್ದು.

ಟ್ಯಾಕ್ಸ್ ಇಲಾಖೆಯ ಲೆಕ್ಕ

ಇಬ್ಬರೂ ಗಮನ ಕೊಡದೆ ಆಮೇಲೆ ತಲೆ ಮೇಲೆ ಕೈ ಇಟ್ಕೊಳ್ಳೋದು ಇಲ್ಲಿ. ಲಿಸ್ಟ್ ಆಗದ ಷೇರಿಗೆ ಆದಾಯ ತೆರಿಗೆ ನಿಯಮಗಳಲ್ಲೇ ಒಂದು ಬೆಲೆ ಸೂತ್ರ ಇದೆ, 11ಯುಎ ನಿಯಮ ಅಂತ ಅಕೌಂಟೆಂಟ್‌ಗಳು ಹೇಳ್ತಾರಲ್ಲ ಅದು. ಅದರಲ್ಲಿ ಹೆಚ್ಚಿನ ಆಸ್ತಿಗಳಿಗೆ ಪುಸ್ತಕದ ಬೆಲೆ, ಆದ್ರೆ ಜಾಗ ಕಟ್ಟಡಕ್ಕೆ ಮಾತ್ರ ಸ್ಟಾಂಪ್ ಡ್ಯೂಟಿಗೆ ಹಿಡಿಯೋ ಬೆಲೆ, ಅಂದ್ರೆ ನಮ್ಮಲ್ಲಿ ಗೈಡೆನ್ಸ್ ವ್ಯಾಲ್ಯೂ. ನಮ್ಮ ಕಂಪನಿ ಜಾಗದ ಗೈಡೆನ್ಸ್ ವ್ಯಾಲ್ಯೂ 8 ಕೋಟಿ ಅಂತ ಇಟ್ಕೊಂಡ್ರೆ, ನೆಟ್‌ವರ್ತ್ 5 ಕೋಟಿಯಲ್ಲಿ ಜಾಗದ ಹಳೇ 1 ಕೋಟಿ ತೆಗೆದು 8 ಸೇರಿಸಿದ್ರೆ 12 ಕೋಟಿ, 30 ಪರ್ಸೆಂಟಿಗೆ 3.6 ಕೋಟಿ.

ಈಗ ಉಳಿದವರು ಹಠ ಮಾಡಿ 1.5 ಕೋಟಿಗೇ ಷೇರು ತಗೊಂಡ್ರು ಅಂತ ಅಂದ್ಕೊಳ್ಳಿ. ಇಲಾಖೆ ಮಾರಿದವನಿಗೆ 3.6 ಕೋಟಿ ಬಂತು ಅಂತಾನೇ ಲೆಕ್ಕ ಹಿಡಿದು ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಕೇಳುತ್ತೆ, ಕೊಂಡವರಿಗೆ ನೀವು 2.1 ಕೋಟಿ ಕಡಿಮೆ ಕೊಟ್ಟು ತಗೊಂಡಿದ್ದೀರಿ, ಅದು ನಿಮ್ಮ ಆದಾಯ ಅಂತ ಅವರ ಸ್ಲ್ಯಾಬಲ್ಲಿ ಟ್ಯಾಕ್ಸ್ ಹಾಕುತ್ತೆ. ಹಳೇ ಕಾಯ್ದೆಯಲ್ಲಿ ಮೊದಲನೆಯದು 50ಸಿಎ ಸೆಕ್ಷನ್, ಎರಡನೆಯದು 56(2)(ಎಕ್ಸ್), 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್ ಬದಲಾಗಿದೆ, ಅದನ್ನ ನೋಡ್ಕೊಂಡೇ ಮುಂದುವರೀಬೇಕು. ಇದರಿಂದ ಆಗೋದೇನಂದ್ರೆ, ಆ 3.6 ಕೋಟಿ ನ್ಯಾಯವಾದ ಬೆಲೆ ಅಲ್ಲದಿದ್ರೂ ಚೌಕಾಸಿಗೆ ಅದೇ ತಳ ಆಗಿಬಿಡುತ್ತೆ. ಅದಕ್ಕಿಂತ ಕೆಳಗೆ ಇಳಿಸಿದ ಪ್ರತಿ ರೂಪಾಯಿಗೂ ಕೊಂಡವರು ಟ್ಯಾಕ್ಸ್ ಕಟ್ತಾರೆ. ಈ ಒಂದು ಲೆಕ್ಕವನ್ನ ಮೊದಲ ಮೀಟಿಂಗಲ್ಲೇ ಮೇಜಿನ ಮೇಲೆ ಇಟ್ಟಿದ್ರೆ 1.5 ಕೋಟಿಯ ಮಾತೇ ಏಳ್ತಿರಲಿಲ್ಲ.

ಒಪ್ಪದಿದ್ರೆ ಎಲ್ಲಿಗೆ ಹೋಗ್ತಾರೆ

ಹತ್ತನೇ ಒಂದು ಭಾಗ ಷೇರು ಇರೋನು ದಬ್ಬಾಳಿಕೆ, ದುರಾಡಳಿತ ಅಂತ ಕಂಪನಿ ಕಾಯ್ದೆಯ 241ನೇ ಸೆಕ್ಷನ್ ಕೆಳಗೆ ಎನ್‌ಸಿಎಲ್‌ಟಿಗೆ ಹೋಗಬಹುದು, ನಮ್ಮ ಫೌಂಡರ್ ಹತ್ರ 30 ಇದೆ, ಅಡ್ಡಿ ಇಲ್ಲ. 242ನೇ ಸೆಕ್ಷನ್ ಪ್ರಕಾರ ಟ್ರಿಬ್ಯುನಲ್, ಇವನ ಷೇರನ್ನ ಉಳಿದವರು ಅಥವಾ ಕಂಪನಿಯೇ ಕೊಂಡುಕೊಳ್ಳಲಿ ಅಂತ ಆದೇಶ ಮಾಡಬಹುದು, ಬೆಲೆ ಕಟ್ಟೋಕೆ ಸ್ವತಂತ್ರ ವ್ಯಾಲ್ಯೂಯರ್ ನೇಮಿಸಬಹುದು. ಆದ್ರೆ ದಬ್ಬಾಳಿಕೆ ಆಗಿದೆ ಅಂತ ತೋರಿಸಬೇಕು, ಬರೀ ರೇಟು ಒಪ್ಪಿಗೆ ಆಗಿಲ್ಲ ಅನ್ನೋದು ಸಾಲಲ್ಲ. ಟಾಟಾ ಕೇಸಲ್ಲಿ 2021ರ ಮಾರ್ಚ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಲೆ ಎಷ್ಟು ಅಂತ ತಾನು ಹೇಳಲೇ ಇಲ್ಲ. ಟಾಟಾದ ಲಿಸ್ಟೆಡ್ ಷೇರುಗಳ ಬೆಲೆ, ಸ್ಥಿರಾಸ್ತಿ, ಷೇರು ಅಡವಿಟ್ಟು ಎತ್ತಿದ ಹಣ ಇವೆಲ್ಲದರ ಮೇಲೆ ನಿಂತಿರೋ ವಿಷಯ ಇದು, ಟಾಟಾ ಸನ್ಸ್ ಆರ್ಟಿಕಲ್ಸ್‌ನ 75ನೇ ನಿಯಮದ ದಾರಿ ಅಥವಾ ಕಾನೂನಿನ ಬೇರೆ ದಾರಿ ಹಿಡೀರಿ ಅಂತ ಇಬ್ಬರಿಗೇ ಬಿಟ್ಟುಬಿಡ್ತು. ಸುಪ್ರೀಂ ಕೋರ್ಟ್ ತನಕ ಹೋದವರಿಗೂ ಕೊನೆಗೆ ಸಿಕ್ಕಿದ್ದು ಅಂಕಿ ಅಲ್ಲ.

ದುಡ್ಡು ಎಲ್ಲಿಂದ ಬರುತ್ತೆ

ಬೆಲೆ 4 ಕೋಟಿ ಆಸುಪಾಸಿಗೆ ಒಪ್ಪಿದ್ರು ಅಂತಾನೇ ಅಂದ್ಕೊಳ್ಳೋಣ. ಉಳಿದ ಇಬ್ಬರ ಕೈಲಿ ಅಷ್ಟು ನಗದು ಇರಲ್ಲ, ಕಂಪನಿಯಿಂದಾನೇ ಬೈಬ್ಯಾಕ್ ಮಾಡೋಣ ಅಂತಾರೆ. ಆದ್ರೆ 68ನೇ ಸೆಕ್ಷನ್ ಪ್ರಕಾರ ಬೈಬ್ಯಾಕಿಗೆ ಪೇಡ್‌ಅಪ್ ಬಂಡವಾಳ ಮತ್ತು ಫ್ರೀ ರಿಸರ್ವ್ ಎರಡೂ ಸೇರಿದ ಮೊತ್ತದ 25 ಪರ್ಸೆಂಟಿಗಿಂತ ಜಾಸ್ತಿ ಖರ್ಚು ಮಾಡೋ ಹಾಗಿಲ್ಲ. ನಮ್ಮ ಕಂಪನಿಯಲ್ಲಿ ಅದು 5 ಕೋಟಿ, ಅಂದ್ರೆ ಗರಿಷ್ಠ 1.25 ಕೋಟಿ, ಅದಾದ್ಮೇಲೆ ಒಂದು ವರ್ಷ ಇನ್ನೊಂದು ಬೈಬ್ಯಾಕ್ ಇಲ್ಲ. ಜಾಗದ ಬೆಲೆ 10 ಕೋಟಿ ಆಗಿದ್ರೂ ಪುಸ್ತಕದಲ್ಲಿ 1 ಕೋಟಿ ಇರೋದ್ರಿಂದ ಈ ಮಿತಿ ಅಷ್ಟಕ್ಕೇ ನಿಲ್ಲುತ್ತೆ. ಮೇಲಾಗಿ ಇಷ್ಟು ದೊಡ್ಡ ಬೈಬ್ಯಾಕಿಗೆ ಸ್ಪೆಷಲ್ ರೆಸಲ್ಯೂಷನ್ ಬೇಕು, ಮುಕ್ಕಾಲು ಭಾಗ ಮತ ಬೇಕು, ಇಬ್ಬರ ಹತ್ರ ಇರೋದು 70, ಫೌಂಡರ್ ಬೇಡ ಅಂತ ಓಟು ಹಾಕಿದ್ರೆ ಅದೂ ಆಗಲ್ಲ. ಉಳಿದವರಿಗೆ ಈ ಫೌಂಡರ್ ಒಪ್ಪಿಗೆ ಬೇಕೇ ಬೇಕು ಅನ್ನೋ ಜಾಗ ಇದೊಂದು, ಚೌಕಾಸಿಯಲ್ಲಿ ಅವನಿಗೆ ಸ್ವಲ್ಪ ಬಲ ಬರೋದೂ ಇಲ್ಲೇ.

ಹಂಗಾಗಿ ಸಾಮಾನ್ಯವಾಗಿ ಮೂರು ಕಡೆಯಿಂದ ಹಣ ಜೋಡಿಸ್ತಾರೆ, ಒಂದಷ್ಟು ಬೈಬ್ಯಾಕ್, ಒಂದಷ್ಟು ಇಬ್ಬರ ಸ್ವಂತ ದುಡ್ಡು, ಉಳಿದಿದ್ದು ಎರಡು ಮೂರು ವರ್ಷದ ಕಂತು. ಕಂತು ಅಂದ್ರೆ ಫೌಂಡರ್ ತನ್ನ ಷೇರನ್ನೆಲ್ಲ ಮೊದಲ ದಿನವೇ ಬರೆದುಕೊಡಬಾರದು, ಬಂದ ದುಡ್ಡಿಗೆ ತಕ್ಕಷ್ಟೇ ಷೇರು ಕೊಡಬೇಕು, ಇಲ್ಲ ದುಡ್ಡು ಪೂರ್ತಿ ಬರೋ ತನಕ ಷೇರೆಲ್ಲ ಎಸ್ಕ್ರೋನಲ್ಲಿ, ಅಂದ್ರೆ ಮೂರನೆಯವರ ಕೈಲಿ ಇರಬೇಕು.

ಬೆಲೆ ಜಗಳದ ಬಿಸಿಯಲ್ಲಿ ಮರೆತುಹೋಗೋದು ಬ್ಯಾಂಕಿನ ಗ್ಯಾರಂಟಿ. ಕಂಪನಿ ಸಾಲಕ್ಕೆ ಮೂರೂ ಜನ ಪರ್ಸನಲ್ ಗ್ಯಾರಂಟಿ ಕೊಟ್ಟಿರ್ತಾರೆ, ಕೆಲವರು ಮನೇನೂ ಅಡ ಇಟ್ಟಿರ್ತಾರೆ. ಷೇರು ಮಾರಿದ ತಕ್ಷಣ, ಡೈರೆಕ್ಟರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ತಕ್ಷಣ ಆ ಗ್ಯಾರಂಟಿ ತಾನಾಗೇ ಹೋಗಲ್ಲ, ಬ್ಯಾಂಕ್ ಬರವಣಿಗೆಯಲ್ಲಿ ಬಿಡುಗಡೆ ಕೊಡಬೇಕು, ಬ್ಯಾಂಕ್ ಬದಲಿ ಗ್ಯಾರಂಟಿ ಕೇಳುತ್ತೆ, ಅದಕ್ಕೆ ತಿಂಗಳುಗಳು ಹಿಡಿಯುತ್ತೆ. ಬಿಡುಗಡೆ ಪತ್ರ ಸಿಗದೆ ಷೇರು ಕೊಟ್ಟವನು 4 ಕೋಟಿ ತಗೊಂಡು ಹೊರಗೆ ಬಂದಿರ್ತಾನೆ, ತನ್ನ ಮಾತು ನಡೆಯದ ಕಂಪನಿಯ ಸಾಲಕ್ಕೆ ಮಾತ್ರ ಅವನ ಮನೆ ಇನ್ನೂ ಹೊಣೆ. ಅದಕ್ಕೇ ಎಕ್ಸಿಟ್ ಅಗ್ರಿಮೆಂಟಿನಲ್ಲಿ ಷೇರು ವರ್ಗಾವಣೆ ಫಾರಂಗೆ ಸೈನ್ ಹಾಕೋದಕ್ಕಿಂತ ಮುಂಚಿನ ಷರತ್ತಾಗಿ ಬ್ಯಾಂಕಿನ ಬಿಡುಗಡೆ ಪತ್ರ ಇರಬೇಕು, ಅದು ಬರೋ ತನಕ ಉಳಿದ ಇಬ್ಬರು ಹೊಸ ಸಾಲ ಎತ್ತೋ ಹಾಗಿಲ್ಲ ಅಂತಲೂ ಬರ್ಕೊಬೇಕು.